ವ್ಯವಹಾರ ಜಾಲತಾಣದ ವಾರ್ಷಿಕ ಒಡೆತನ ವೆಚ್ಚ

ವ್ಯವಹಾರ ಜಾಲತಾಣದ ವಾರ್ಷಿಕ ಒಡೆತನ ವೆಚ್ಚ ಎಂದರೆ ಒಂದು ಉದ್ಯಮವು ತನ್ನ ಜಾಲತಾಣವನ್ನು ಒಂದು ವರ್ಷದ ಕಾಲ ಸುಸ್ಥಿತಿಯಲ್ಲಿ ನಡೆಸಿಕೊಂಡು ಹೋಗಲು ಮಾಡಬೇಕಾದ ಎಲ್ಲ ಖರ್ಚುಗಳ ಒಟ್ಟು ಮೊತ್ತ. ಡೊಮೇನ್ ಹೆಸರಿನ ನವೀಕರಣ, ಹೋಸ್ಟಿಂಗ್ ಶುಲ್ಕ, ಇಮೇಲ್ ಪೆಟ್ಟಿಗೆಗಳ ಶುಲ್ಕ, ಪ್ಲಗಿನ್ ಮತ್ತು ಥೀಮ್‌ಗಳ ಪರವಾನಗಿ ಹಾಗೂ ತಾಂತ್ರಿಕ ಬೆಂಬಲದ ವೆಚ್ಚ ಇದರಲ್ಲಿ ಸೇರುತ್ತವೆ. ಜಾಲತಾಣವನ್ನು ನಿರ್ಮಿಸಲು ಒಮ್ಮೆ ಮಾತ್ರ ಕೊಡುವ ಹಣ ಇದರಿಂದ ಬೇರೆಯಾದುದು. ಆದರೂ ಅದನ್ನು ಜಾಲತಾಣದ ಆಯುಸ್ಸಿಗೆ ಹಂಚಿ ವಾರ್ಷಿಕ ಲೆಕ್ಕಕ್ಕೆ ಸೇರಿಸುವ ಪದ್ಧತಿಯೂ ಇದೆ.

ಈ ಲೆಕ್ಕದಲ್ಲಿ ಮೊದಲ ವರ್ಷ ಮತ್ತು ಎರಡನೆಯ ವರ್ಷಗಳ ನಡುವಿನ ಅಂತರ ಮುಖ್ಯವಾದುದು. ಹಲವು ಸೇವೆಗಳು ಮೊದಲ ಅವಧಿಗೆ ರಿಯಾಯಿತಿ ದರದಲ್ಲಿ ಮಾರಾಟವಾಗುತ್ತವೆ. ನವೀಕರಣದ ಸಮಯದಲ್ಲಿ ಪೂರ್ಣ ದರ ಅನ್ವಯವಾಗುತ್ತದೆ. ಆದ್ದರಿಂದ ಮೊದಲ ವರ್ಷದ ಬಿಲ್ಲನ್ನು ಆಧಾರವಾಗಿಟ್ಟುಕೊಂಡರೆ ಮುಂದಿನ ವರ್ಷಗಳ ಖರ್ಚು ವಾಸ್ತವಕ್ಕಿಂತ ಬಹಳ ಕಡಿಮೆಯಾಗಿ ಕಾಣುತ್ತದೆ. ಈ ಲೇಖನವು ಸಣ್ಣ ಉದ್ಯಮಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ವರ್ಡ್‌ಪ್ರೆಸ್ ಆಧಾರಿತ ಜಾಲತಾಣವನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ.

## ಹಿನ್ನೆಲೆ

ಒಂದು ವಸ್ತುವಿನ ಖರೀದಿ ಬೆಲೆಯ ಜೊತೆಗೆ ಅದನ್ನು ಬಳಸುವ, ದುರಸ್ತಿ ಮಾಡುವ ಮತ್ತು ಬದಲಿಸುವ ಖರ್ಚುಗಳನ್ನೂ ಸೇರಿಸಿ ನೋಡುವ ಕ್ರಮಕ್ಕೆ 'ಒಟ್ಟು ಒಡೆತನ ವೆಚ್ಚ' ಎಂದು ಹೆಸರು. ಗಾರ್ಟ್ನರ್ ಸಂಸ್ಥೆಯು 1987ರಲ್ಲಿ ಕಚೇರಿ ಕಂಪ್ಯೂಟರುಗಳ ವೆಚ್ಚವನ್ನು ಅಳೆಯಲು ಈ ಕ್ರಮವನ್ನು ಬಳಸಿದ ಬಳಿಕ ಇದು ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿ ಪ್ರಚಾರಕ್ಕೆ ಬಂದಿತು.

ಜಾಲತಾಣದ ವಿಷಯದಲ್ಲಿ ಈ ಕ್ರಮಕ್ಕೆ ಒಂದು ವಿಶೇಷ ಕಾರಣವಿದೆ. ಜಾಲತಾಣದ ಹೆಚ್ಚಿನ ಭಾಗಗಳನ್ನು ಅದರ ಮಾಲೀಕರು ಕೊಂಡುಕೊಳ್ಳುವುದಿಲ್ಲ, ನಿಗದಿತ ಅವಧಿಗೆ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತಾರೆ. ಡೊಮೇನ್ ಹೆಸರು ಶಾಶ್ವತವಾಗಿ ಮಾರಾಟವಾಗುವುದಿಲ್ಲ. .com ಹೆಸರನ್ನು ಒಂದು ಸಲಕ್ಕೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಬಹುದು. ಹೋಸ್ಟಿಂಗ್ ಎನ್ನುವುದು ಸರ್ವರಿನಲ್ಲಿ ಪಡೆದ ಬಾಡಿಗೆ ಸ್ಥಳ. ಪ್ಲಗಿನ್ ಪರವಾನಗಿಗಳಲ್ಲಿ ಬಹುಪಾಲು ವಾರ್ಷಿಕವಾದವು. ಹೀಗಾಗಿ ಜಾಲತಾಣವು ಕೊಂಡ ಕಟ್ಟಡಕ್ಕಿಂತ ಬಾಡಿಗೆ ಮಳಿಗೆಯನ್ನು ಹೆಚ್ಚು ಹೋಲುತ್ತದೆ.

## ವೆಚ್ಚದ ಭಾಗಗಳು

### ಡೊಮೇನ್ ಹೆಸರು ಮತ್ತು ಹೋಸ್ಟಿಂಗ್

ಡೊಮೇನ್ ಹೆಸರನ್ನು ನೋಂದಣಿದಾರ ಸಂಸ್ಥೆಗಳು ಮಾರುತ್ತವೆ. ಪ್ರತಿಯೊಂದು ವಿಸ್ತರಣೆಯ ಹಿಂದೆ ಒಂದು ಮೂಲ ನೋಂದಣಿ ಸಂಸ್ಥೆ ಇರುತ್ತದೆ. .com ವಿಸ್ತರಣೆಯನ್ನು ಅಮೆರಿಕದ ವೆರಿಸೈನ್ ಸಂಸ್ಥೆಯೂ .in ವಿಸ್ತರಣೆಯನ್ನು ಭಾರತದ ನಿಕ್ಸಿ ಸಂಸ್ಥೆಯೂ ನಿರ್ವಹಿಸುತ್ತವೆ. 2024ರ ಸೆಪ್ಟೆಂಬರ್ 1ರಿಂದ .com ಹೆಸರಿನ ವಾರ್ಷಿಕ ಸಗಟು ದರವು 10.26 ಡಾಲರ್‌ಗೆ ಏರಿತು. ಆದ್ದರಿಂದ ಮೊದಲ ವರ್ಷಕ್ಕೆ ಒಂದೆರಡು ನೂರು ರೂಪಾಯಿಗೆ .com ಹೆಸರು ದೊರೆತರೆ, ನೋಂದಣಿದಾರ ಸಂಸ್ಥೆಯು ನಷ್ಟದಲ್ಲಿ ಮಾರುತ್ತಿದೆ ಎಂದೇ ಅರ್ಥ. ಆ ನಷ್ಟವನ್ನು ಅದು ನವೀಕರಣ ದರದಲ್ಲಿಯೋ ಜೊತೆಗೆ ಮಾರುವ ಹೋಸ್ಟಿಂಗ್ ಮೊದಲಾದ ಸೇವೆಗಳಲ್ಲಿಯೋ ತುಂಬಿಕೊಳ್ಳುತ್ತದೆ.

ಹೋಸ್ಟಿಂಗ್ ಶುಲ್ಕದಲ್ಲಿ ಇದೇ ರೀತಿಯ ಅಂತರ ಇನ್ನೂ ಹೆಚ್ಚು. ಜಾಹೀರಾತಿನಲ್ಲಿ ಕಾಣುವ ಮಾಸಿಕ ದರವು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವರ್ಷಗಳ ಹಣವನ್ನು ಒಟ್ಟಿಗೆ ಪಾವತಿಸುವವರಿಗೆ ಅನ್ವಯಿಸುತ್ತದೆ. ಒಂದು ವರ್ಷಕ್ಕೆ ಮಾತ್ರ ಕೊಂಡರೆ ದರ ಹೆಚ್ಚು, ನವೀಕರಿಸುವಾಗ ಅದಕ್ಕಿಂತಲೂ ಹೆಚ್ಚು. ನವೀಕರಣ ದರವು ಬೆಲೆಪಟ್ಟಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿಯೋ ಸೇವಾ ನಿಯಮಗಳಲ್ಲಿಯೋ ಇರುತ್ತದೆ.

ಹಿಂದೆ ಪ್ರತ್ಯೇಕ ಖರ್ಚಾಗಿದ್ದ ಟಿಎಲ್‌ಎಸ್ ಪ್ರಮಾಣಪತ್ರವು ಈಗ ಅನೇಕ ಉದ್ಯಮಗಳಿಗೆ ಉಚಿತ. 2016ರಲ್ಲಿ ಪೂರ್ಣ ಪ್ರಮಾಣದ ಸೇವೆ ಆರಂಭಿಸಿದ ಲೆಟ್ಸ್ ಎನ್‌ಕ್ರಿಪ್ಟ್ 90 ದಿನಗಳ ಅವಧಿಯ ಪ್ರಮಾಣಪತ್ರಗಳನ್ನು ಶುಲ್ಕವಿಲ್ಲದೆ ನೀಡುತ್ತ ಬಂದಿದೆ. ಇವುಗಳ ನವೀಕರಣ ತಾನಾಗಿಯೇ ನಡೆಯುವಂತೆ ಹೋಸ್ಟಿಂಗ್ ಸಂಸ್ಥೆಗಳು ಏರ್ಪಾಡು ಮಾಡಿರುತ್ತವೆ. ಅದರಂತೆ ಸಾಮಾನ್ಯ ವ್ಯವಹಾರ ಜಾಲತಾಣದ ಬಿಲ್ಲಿನಲ್ಲಿ ಪ್ರಮಾಣಪತ್ರಕ್ಕೆ ದೊಡ್ಡ ಮೊತ್ತ ಕಂಡುಬಂದರೆ ಅದರ ಅಗತ್ಯವನ್ನು ವಿಚಾರಿಸಬಹುದು.

### ಪ್ಲಗಿನ್ ಮತ್ತು ಥೀಮ್ ಪರವಾನಗಿಗಳು

ವರ್ಡ್‌ಪ್ರೆಸ್ ತಂತ್ರಾಂಶವು ಜಿಪಿಎಲ್ ಪರವಾನಗಿಯಡಿಯಲ್ಲಿ ಉಚಿತವಾಗಿ ದೊರೆಯುತ್ತದೆ. ಆನ್‌ಲೈನ್ ಅಂಗಡಿ ನಡೆಸಲು ಬಳಸುವ ವೂಕಾಮರ್ಸ್ ಪ್ಲಗಿನ್ ಕೂಡ ಉಚಿತ. ಆದರೆ ಸಾಗಣೆ ದರದ ಲೆಕ್ಕ, ಬ್ಯಾಕಪ್, ಅರ್ಜಿ ನಮೂನೆ ಮೊದಲಾದ ಹೆಚ್ಚುವರಿ ಸೌಲಭ್ಯಗಳಿಗೆ ಹಣ ಕೊಟ್ಟು ಪಡೆಯುವ ಪ್ಲಗಿನ್‌ಗಳು ಬೇಕಾಗುತ್ತವೆ.

ಇಂತಹ ಪ್ಲಗಿನ್‌ಗಳಲ್ಲಿ ಮಾಲೀಕರು ಕೊಳ್ಳುವುದು ಮುಖ್ಯವಾಗಿ ಒಂದು ವರ್ಷದ ಅಪ್‌ಡೇಟ್‌ಗಳು ಮತ್ತು ತಯಾರಕರ ನೆರವು. ಪರವಾನಗಿ ಮುಗಿದ ಮರುದಿನವೂ ಪ್ಲಗಿನ್ ಸಾಮಾನ್ಯವಾಗಿ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಇದರಿಂದ ನವೀಕರಣ ಅನಗತ್ಯ ಎಂಬ ಭಾವನೆ ಮೂಡುವುದುಂಟು. ಆದರೆ ಅನಂತರ ಆ ಪ್ಲಗಿನ್‌ನಲ್ಲಿ ಭದ್ರತಾ ದೋಷ ಪತ್ತೆಯಾದರೆ ಅದನ್ನು ಸರಿಪಡಿಸಿದ ಆವೃತ್ತಿ ಆ ಜಾಲತಾಣಕ್ಕೆ ತಲುಪುವುದಿಲ್ಲ. ದೋಷದ ವಿವರ ಸಾರ್ವಜನಿಕವಾಗಿರುವುದರಿಂದ ದಾಳಿಕೋರರು ಹಳೆಯ ಆವೃತ್ತಿಯ ಜಾಲತಾಣಗಳನ್ನು ಸ್ವಯಂಚಾಲಿತವಾಗಿ ಹುಡುಕುತ್ತಾರೆ. ಹೀಗೆ ಉಳಿಸಿದ ನವೀಕರಣ ಶುಲ್ಕಕ್ಕಿಂತ ಹಾಳಾದ ಜಾಲತಾಣವನ್ನು ಶುಚಿಗೊಳಿಸುವ ಖರ್ಚು ಹೆಚ್ಚಾಗಬಹುದು.

ಪರವಾನಗಿಗಳಲ್ಲಿ ಎರಡು ಸಂಗತಿಗಳು ಗೊಂದಲಕ್ಕೆ ಕಾರಣವಾಗುತ್ತವೆ. ಮೊದಲನೆಯದು ಥೀಮ್‌ನೊಂದಿಗೆ ಸೇರಿ ಬರುವ ಪ್ಲಗಿನ್. ಇದಕ್ಕೆ ಪ್ರತ್ಯೇಕ ಪರವಾನಗಿ ಸಂಖ್ಯೆ ಇರುವುದಿಲ್ಲ. ಥೀಮ್ ತಯಾರಕರು ಹೊಸ ಆವೃತ್ತಿಯನ್ನು ಸೇರಿಸುವವರೆಗೆ ಆ ಪ್ಲಗಿನ್ ಹಳೆಯದಾಗಿಯೇ ಉಳಿಯುತ್ತದೆ. ಎರಡನೆಯದು ಜಾಲತಾಣ ನಿರ್ಮಿಸಿದವರ ಹೆಸರಿನಲ್ಲಿರುವ ಪರವಾನಗಿ. ಅನೇಕ ಜಾಲತಾಣಗಳಿಗೆ ಅನ್ವಯಿಸುವ ಒಂದೇ ಪರವಾನಗಿಯನ್ನು ನಿರ್ಮಾತೃಗಳು ಕೊಂಡು, ತಮ್ಮ ಗ್ರಾಹಕರ ಜಾಲತಾಣಗಳಲ್ಲಿ ಬಳಸುವುದು ಸಾಮಾನ್ಯ. ಒಪ್ಪಂದ ಮುಗಿದಾಗ ಅವರು ಪರವಾನಗಿಯನ್ನು ಹಿಂಪಡೆಯಬಹುದು. ಆಗ ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ಖರ್ಚು ಪೂರ್ಣ ದರದಲ್ಲಿ ಮಾಲೀಕರ ಮೇಲೆ ಬೀಳುತ್ತದೆ.

### ಬೆಂಬಲ ಮತ್ತು ನಿರ್ವಹಣೆ

'ಬೆಂಬಲ' ಎಂಬ ಒಂದೇ ಪದವು ಮೂರು ಬೇರೆ ಬೇರೆ ಸೇವೆಗಳನ್ನು ಸೂಚಿಸುತ್ತದೆ. ಹೋಸ್ಟಿಂಗ್ ಸಂಸ್ಥೆಯ ಬೆಂಬಲವು ಸರ್ವರಿಗೆ ಸೀಮಿತ. ಪ್ಲಗಿನ್ ತಯಾರಕರ ಬೆಂಬಲವು ಆ ಒಂದು ಪ್ಲಗಿನ್‌ಗೆ ಸೀಮಿತ. ಇಡೀ ಜಾಲತಾಣದ ಹೊಣೆ ಹೊರುವುದು ನಿರ್ವಹಣಾ ಒಪ್ಪಂದ ಮಾಡಿಕೊಂಡ ತಂತ್ರಜ್ಞರು ಮಾತ್ರ.

ಎರಡು ಪ್ಲಗಿನ್‌ಗಳ ನಡುವೆ ಹೊಂದಾಣಿಕೆ ತಪ್ಪಿ ಗ್ರಾಹಕರು ಹಣ ಪಾವತಿಸುವ ಪುಟ ನಿಂತುಹೋದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸರ್ವರ್ ಸರಿಯಾಗಿದೆ ಎಂದು ಹೋಸ್ಟಿಂಗ್ ಸಂಸ್ಥೆ ಹೇಳುತ್ತದೆ. ದೋಷ ಇನ್ನೊಂದರಲ್ಲಿದೆ ಎಂದು ಪ್ಲಗಿನ್ ತಯಾರಕರಲ್ಲಿ ಪ್ರತಿಯೊಬ್ಬರೂ ಹೇಳಬಹುದು. ನಿರ್ವಹಣಾ ಒಪ್ಪಂದ ಇಲ್ಲದಿದ್ದರೆ ದೋಷವನ್ನು ಹುಡುಕುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಾಗುತ್ತದೆ.

ಏನೂ ಬದಲಾಯಿಸದ ಜಾಲತಾಣಕ್ಕೂ ನಿರ್ವಹಣೆ ಬೇಕು, ಏಕೆಂದರೆ ಅದರ ಅಡಿಪಾಯವಾದ ತಂತ್ರಾಂಶ ಬದಲಾಗುತ್ತಿರುತ್ತದೆ. ವರ್ಡ್‌ಪ್ರೆಸ್ ನಡೆಯುವುದು ಪಿಎಚ್‌ಪಿ ಭಾಷೆಯ ಮೇಲೆ. ಉದಾಹರಣೆಗೆ, 2019ರ ನವೆಂಬರಿನಲ್ಲಿ ಬಿಡುಗಡೆಯಾದ ಪಿಎಚ್‌ಪಿ 7.4 ಆವೃತ್ತಿಗೆ ಭದ್ರತಾ ಅಪ್‌ಡೇಟ್‌ಗಳು 2022ರ ನವೆಂಬರ್ 28ರಂದು ನಿಂತವು. ಆ ಆವೃತ್ತಿಯನ್ನು ಮಾತ್ರ ಒಪ್ಪುವ ಹಳೆಯ ಪ್ಲಗಿನ್ ಇದ್ದ ಜಾಲತಾಣಗಳ ಮಾಲೀಕರು ಪ್ಲಗಿನ್ ಬದಲಿಸಬೇಕಾಯಿತು, ಇಲ್ಲವೇ ಅಪಾಯವನ್ನು ಒಪ್ಪಿಕೊಂಡು ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾಯಿತು.

## ಲೆಕ್ಕದ ಒಂದು ಮಾದರಿ

ಸಂಬಾರ ಪದಾರ್ಥಗಳನ್ನು ಮಾರುವ ಶಿರಸಿಯ ಒಂದು ಕಾಲ್ಪನಿಕ ಸಣ್ಣ ಉದ್ಯಮವನ್ನು ಉದಾಹರಣೆಯಾಗಿ ನೋಡಬಹುದು. ಜಾಲತಾಣ ನಿರ್ಮಾಣಕ್ಕೆ ಅದು ಒಮ್ಮೆ 45,000 ರೂಪಾಯಿ ಕೊಟ್ಟಿದೆ ಎಂದಿಟ್ಟುಕೊಳ್ಳಬೇಕು. ಕೆಳಗಿನ ಮೊತ್ತಗಳು ಲೆಕ್ಕದ ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡವು, ಯಾವುದೇ ಸಂಸ್ಥೆಯ ದರಗಳಲ್ಲ. ತೆರಿಗೆಯನ್ನು ಸೇರಿಸಿಲ್ಲ.

| ಬಾಬತ್ತು | ಮೊದಲ ವರ್ಷ (ರೂ.) | ಎರಡನೆಯ ವರ್ಷ (ರೂ.) |
|---|---|---|
| ಡೊಮೇನ್ ಹೆಸರು | 200 | 1,200 |
| ಹೋಸ್ಟಿಂಗ್ | 2,400 | 7,200 |
| ಮೂರು ಇಮೇಲ್ ಪೆಟ್ಟಿಗೆಗಳು | 0 | 4,500 |
| ಪ್ಲಗಿನ್ ಪರವಾನಗಿಗಳು | 11,000 | 18,000 |
| ನಿರ್ವಹಣಾ ಒಪ್ಪಂದ | 0 | 24,000 |
| ಒಟ್ಟು | 13,600 | 54,900 |

ಮೊದಲ ವರ್ಷ ಇಮೇಲ್ ಪೆಟ್ಟಿಗೆಗಳು ಹೋಸ್ಟಿಂಗ್‌ನೊಂದಿಗೆ ಉಚಿತವಾಗಿ ಬಂದಿದ್ದವು. ನಿರ್ವಹಣೆಯು ನಿರ್ಮಾಣದ ಒಪ್ಪಂದದಲ್ಲಿಯೇ ಸೇರಿತ್ತು. ಎರಡನೆಯ ವರ್ಷ ಇವೆರಡಕ್ಕೂ ಹಣ ಕೊಡಬೇಕಾಯಿತು, ನಿರ್ವಹಣೆಗೆ ತಿಂಗಳಿಗೆ 2,000 ರೂಪಾಯಿಯಂತೆ. ಉಳಿದ ಬಾಬತ್ತುಗಳ ರಿಯಾಯಿತಿಯೂ ಮುಗಿಯಿತು. ಹೀಗೆ ಜಾಲತಾಣದಲ್ಲಿ ಹೊಸದೇನೂ ಸೇರದಿದ್ದರೂ ಮರುಕಳಿಸುವ ವೆಚ್ಚವು ಸುಮಾರು ನಾಲ್ಕು ಪಟ್ಟಾಯಿತು.

ನಿರ್ಮಾಣವೂ ಸೇರಿ ಮೊದಲ ವರ್ಷದ ಖರ್ಚು 58,600 ರೂಪಾಯಿ. ನಿರ್ಮಾಣದ ಖರ್ಚೇ ಇಲ್ಲದ ಎರಡನೆಯ ವರ್ಷದ ಖರ್ಚು 54,900 ರೂಪಾಯಿ. ದೊಡ್ಡ ಖರ್ಚು ಮುಗಿಯಿತು ಎಂದು ಭಾವಿಸಿದ ಮಾಲೀಕರಿಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಬಿಲ್ಲು ಮತ್ತೆ ಎದುರಾಗುತ್ತದೆ. ಮೂರನೆಯ ವರ್ಷವೂ ಇದೇ ದರಗಳಿದ್ದರೆ ಮೂರು ವರ್ಷಗಳ ಒಟ್ಟು ವೆಚ್ಚ 1,68,400 ರೂಪಾಯಿ, ಅಂದರೆ ವರ್ಷಕ್ಕೆ ಸರಾಸರಿ 56,133 ರೂಪಾಯಿ. ಎರಡು ಜಾಲತಾಣ ಯೋಜನೆಗಳನ್ನು ಹೋಲಿಸುವಾಗ ಉಪಯೋಗಕ್ಕೆ ಬರುವುದು ಈ ಸರಾಸರಿ. ಮುಂದಿನ ವರ್ಷದ ಮುಂಗಡ ಲೆಕ್ಕಕ್ಕೆ ಉಪಯೋಗಕ್ಕೆ ಬರುವುದು ಎರಡನೆಯ ವರ್ಷದ ಮೊತ್ತ.

ಭಾರತದಲ್ಲಿ ಈ ಸೇವೆಗಳಿಗೆ ಸಾಮಾನ್ಯವಾಗಿ 18% ಜಿಎಸ್‌ಟಿ ಅನ್ವಯಿಸುತ್ತದೆ. ಎರಡನೆಯ ವರ್ಷದ ಎಲ್ಲ ಬಾಬತ್ತುಗಳಿಗೂ ತೆರಿಗೆ ವಿಧಿಸಿದರೆ 9,882 ರೂಪಾಯಿ ಸೇರಿ ಒಟ್ಟು 64,782 ರೂಪಾಯಿ ಆಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿ ಹೊಂದಿರುವ ಉದ್ಯಮವು ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿರುವ ಉದ್ಯಮಕ್ಕಾಗಲಿ ನೋಂದಣಿಯೇ ಇಲ್ಲದ ಉದ್ಯಮಕ್ಕಾಗಲಿ ಆ ಅವಕಾಶವಿಲ್ಲದ ಕಾರಣ ತೆರಿಗೆಯೂ ಅವುಗಳಿಗೆ ವೆಚ್ಚವೇ ಆಗುತ್ತದೆ.

ಡಾಲರ್‌ನಲ್ಲಿ ಮಾರಾಟವಾಗುವ ಪರವಾನಗಿಗಳ ರೂಪಾಯಿ ಬೆಲೆ ವಿನಿಮಯ ದರದೊಂದಿಗೆ ಬದಲಾಗುತ್ತದೆ. 99 ಡಾಲರ್‌ನ ಪರವಾನಗಿಯು ಡಾಲರ್‌ಗೆ 80 ರೂಪಾಯಿ ಇದ್ದಾಗ 7,920 ರೂಪಾಯಿಯೂ 88 ರೂಪಾಯಿ ಇದ್ದಾಗ 8,712 ರೂಪಾಯಿಯೂ ಆಗುತ್ತದೆ. ವಿದೇಶಿ ಕರೆನ್ಸಿ ಪಾವತಿಗೆ ಬ್ಯಾಂಕು ವಿಧಿಸುವ ಶುಲ್ಕ ಇದಕ್ಕೆ ಹೊರತು.

## ನವೀಕರಣ ತಪ್ಪಿದಾಗ

ವೆಚ್ಚದಲ್ಲಿ ಡೊಮೇನ್ ಹೆಸರಿನ ಪಾಲು ಚಿಕ್ಕದು. ಆದರೆ ಅದರ ನವೀಕರಣ ತಪ್ಪಿದರೆ ಆಗುವ ನಷ್ಟ ದೊಡ್ಡದು, ಏಕೆಂದರೆ ಜಾಲತಾಣದೊಂದಿಗೆ ಆ ಹೆಸರಿನ ಇಮೇಲ್ ಕೂಡ ನಿಲ್ಲುತ್ತದೆ.

.com ಹೆಸರಿನ ಅವಧಿ ಮುಗಿದ ಬಳಿಕ ಮೂರು ಹಂತಗಳಿವೆ. ಮೊದಲ ಹಂತದಲ್ಲಿ, ಗರಿಷ್ಠ 45 ದಿನಗಳವರೆಗೆ, ನೋಂದಣಿದಾರ ಸಂಸ್ಥೆಯು ಹೆಸರನ್ನು ಉಳಿಸಿಕೊಂಡಿರಬಹುದು. ಈ ಕಾಲದಲ್ಲಿ ಸಾಮಾನ್ಯ ದರದಲ್ಲಿಯೇ ನವೀಕರಿಸಲು ಅನೇಕ ಸಂಸ್ಥೆಗಳು ಅವಕಾಶ ಕೊಡುತ್ತವೆ. ಆದರೆ ಎಷ್ಟು ದಿನ ಎಂಬುದನ್ನು ಆಯಾ ಸಂಸ್ಥೆಯೇ ನಿರ್ಧರಿಸುತ್ತದೆ. ಹೆಸರನ್ನು ಅಳಿಸಿದ ಮೇಲೆ 30 ದಿನಗಳ ವಿಮೋಚನಾ ಅವಧಿ ಬರುತ್ತದೆ. ಆಗ ಹೆಸರನ್ನು ಮರಳಿ ಪಡೆಯಲು ನವೀಕರಣ ದರದ ಜೊತೆಗೆ, ಸಾಮಾನ್ಯವಾಗಿ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ವಿಮೋಚನಾ ಶುಲ್ಕವನ್ನು ಕೊಡಬೇಕು. ಕೊನೆಯ 5 ದಿನಗಳಲ್ಲಿ ಹೆಸರನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಅನಂತರ ಅದನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಅದಕ್ಕೂ ಮೊದಲೇ, ಅವಧಿ ಮುಗಿದ ಹೆಸರನ್ನು ಹರಾಜಿಗಿಡುವ ನೋಂದಣಿದಾರ ಸಂಸ್ಥೆಗಳೂ ಇವೆ. .in ಹೆಸರುಗಳಿಗೆ ನಿಕ್ಸಿಯ ನಿಯಮಗಳು ಅನ್ವಯಿಸುತ್ತವೆ.

ಐಕ್ಯಾನ್ ನಿಯಮದ ಪ್ರಕಾರ ನೋಂದಣಿದಾರ ಸಂಸ್ಥೆಯು ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ಸೂಚನೆ ಕಳುಹಿಸಬೇಕು. ನವೀಕರಣ ಆಗದಿದ್ದರೆ ಅವಧಿ ಮುಗಿದ ಐದು ದಿನಗಳೊಳಗೆ ಇನ್ನೊಂದು ಸೂಚನೆ ಕಳುಹಿಸಬೇಕು. ಹೀಗಿದ್ದರೂ ಮಾಲೀಕರಿಗೆ ವಿಷಯ ತಿಳಿಯದಿರಲು ಮೂರು ಸಾಮಾನ್ಯ ಕಾರಣಗಳಿವೆ:

* ಡೊಮೇನ್ ಹೆಸರು ಜಾಲತಾಣ ನಿರ್ಮಿಸಿದವರ ಖಾತೆಯಲ್ಲಿದ್ದು, ಸೂಚನೆಗಳು ಅವರಿಗೆ ಹೋಗುತ್ತಿರುತ್ತವೆ.
* ನೋಂದಣಿದಾರ ಸಂಸ್ಥೆಗೆ ಕೊಟ್ಟ ಇಮೇಲ್ ವಿಳಾಸವು ಅದೇ ಡೊಮೇನ್ ಹೆಸರಿನದಾಗಿರುತ್ತದೆ. ಹೆಸರು ಸ್ಥಗಿತವಾದಾಗ ಆ ವಿಳಾಸವೂ ನಿಂತು, ಖಾತೆಯ ಗುಪ್ತಪದವನ್ನು ಬದಲಿಸುವ ದಾರಿಯೂ ಮುಚ್ಚುತ್ತದೆ.
* ಸ್ವಯಂ ನವೀಕರಣವನ್ನು ನಂಬಿಕೊಂಡಿದ್ದಾಗ ಕಾರ್ಡ್ ಪಾವತಿ ವಿಫಲವಾಗಿರುತ್ತದೆ.

ಮೂರನೆಯ ಕಾರಣ ಭಾರತದಲ್ಲಿ ವಿಶೇಷವಾಗಿ ಗಮನಾರ್ಹ. 2021ರ ಅಕ್ಟೋಬರ್ 1ರಿಂದ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಮರುಕಳಿಸುವ ಪಾವತಿಗೆ ಗ್ರಾಹಕರು ಮೊದಲೇ ಇ-ಮ್ಯಾಂಡೇಟ್ ನೋಂದಾಯಿಸಿರಬೇಕು. ನಿಗದಿತ ಮಿತಿಯನ್ನು ಮೀರಿದ ಪ್ರತಿ ಪಾವತಿಗೂ ಹೆಚ್ಚುವರಿ ದೃಢೀಕರಣ ಬೇಕು. ಆರಂಭದಲ್ಲಿ 5,000 ರೂಪಾಯಿ ಇದ್ದ ಈ ಮಿತಿಯನ್ನು 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಈ ವ್ಯವಸ್ಥೆಯನ್ನು ಅಳವಡಿಸಿಕೊಳ್ಳದ ವಿದೇಶಿ ಮಾರಾಟಗಾರರು ಹಣ ಪಡೆಯಲು ಯತ್ನಿಸಿದಾಗ ಪಾವತಿ ತಿರಸ್ಕೃತವಾಗುತ್ತದೆ. ಖಾತೆಯಲ್ಲಿ 'ಸ್ವಯಂ ನವೀಕರಣ ಚಾಲನೆಯಲ್ಲಿದೆ' ಎಂದು ತೋರಿಸಿದರೂ ಹಣ ಸಂದಾಯವಾಗಿರುವುದಿಲ್ಲ.

## ಪರಿಶೀಲನೆಯ ಕ್ರಮ

ಡೊಮೇನ್ ಹೆಸರಿನ ಸ್ಥಿತಿಯನ್ನು ಯಾರು ಬೇಕಾದರೂ lookup.icann.org ತಾಣದಲ್ಲಿ ಅಥವಾ ಕೆಳಗಿನ ಆದೇಶದಿಂದ ನೋಡಬಹುದು:

```
whois example.com
```

ಫಲಿತಾಂಶದಲ್ಲಿ ಎರಡು ದಿನಾಂಕಗಳು ಕಾಣಬಹುದು. `Registry Expiry Date` ಎಂಬುದು ಮೂಲ ನೋಂದಣಿ ಸಂಸ್ಥೆಯ ದಿನಾಂಕ. `Registrar Registration Expiration Date` ಎಂಬುದು ಮಾಲೀಕರು ಹಣ ಕೊಟ್ಟಿರುವ ಅವಧಿಯ ದಿನಾಂಕ. ಅವಧಿ ಮುಗಿದ .com ಹೆಸರನ್ನು ಮೂಲ ನೋಂದಣಿ ಸಂಸ್ಥೆಯು ತಾತ್ಕಾಲಿಕವಾಗಿ ಒಂದು ವರ್ಷ ಮುಂದೂಡುತ್ತದೆ. ಆದ್ದರಿಂದ ಮಾಲೀಕರು ಹಣ ಕೊಡದಿದ್ದರೂ ಮೊದಲನೆಯ ದಿನಾಂಕವು ಮುಂದಿನ ವರ್ಷದ್ದಾಗಿ ಕಾಣುತ್ತದೆ. ಅದರೊಂದಿಗೆ `autoRenewPeriod` ಎಂಬ ಸ್ಥಿತಿ ಕಂಡರೆ ಹಣ ನಿಜವಾಗಿ ಸಂದಾಯವಾಗಿದೆಯೇ ಎಂದು ನೋಂದಣಿದಾರ ಸಂಸ್ಥೆಯ ಖಾತೆಯಲ್ಲಿ ನೋಡಬೇಕಾಗುತ್ತದೆ.

ಉಳಿದ ಬಾಬತ್ತುಗಳಿಗೆ ಒಂದು ಸರಳ ಪಟ್ಟಿ ಸಾಕಾಗುತ್ತದೆ. ಪ್ರತಿಯೊಂದು ಸೇವೆಯ ಎದುರಿಗೆ ಅದು ಯಾರ ಖಾತೆಯಲ್ಲಿದೆ, ನವೀಕರಣದ ದಿನಾಂಕ ಯಾವುದು, ನವೀಕರಣ ದರ ಎಷ್ಟು, ನವೀಕರಿಸದಿದ್ದರೆ ಏನು ನಿಲ್ಲುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಬರೆದಿಡಲಾಗುತ್ತದೆ. ಕೊನೆಯ ಕಲಮಿನಿಂದ ಖರ್ಚಿನ ಆದ್ಯತೆ ತಿಳಿಯುತ್ತದೆ. ಚಿತ್ರಗಳನ್ನು ಅಲಂಕಾರಿಕವಾಗಿ ತೋರಿಸುವ ಪ್ಲಗಿನ್‌ನ ಪರವಾನಗಿ ಮುಗಿಯುತ್ತಿದ್ದರೆ, ನವೀಕರಿಸುವ ಬದಲು ಅದನ್ನು ಪೂರ್ತಿಯಾಗಿ ತೆಗೆದುಹಾಕಬಹುದು. ನವೀಕರಿಸದೆ ಹಾಗೆಯೇ ಬಿಡುವುದಕ್ಕಿಂತ ತೆಗೆದುಹಾಕುವುದು ಸುರಕ್ಷಿತ.

## ಲೆಕ್ಕದ ಮಿತಿಗಳು

ಈ ವಿಧಾನವು ನಿಗದಿತ ವೆಚ್ಚಗಳನ್ನು ಮಾತ್ರ ಅಳೆಯುತ್ತದೆ. ಪಾವತಿ ಗೇಟ್‌ವೇ ಶುಲ್ಕವು ಮಾರಾಟದ ಮೊತ್ತದೊಂದಿಗೆ ಏರಿಳಿಯುವುದರಿಂದ ಅದನ್ನು ಮಾರಾಟ ವೆಚ್ಚದಲ್ಲಿ ಪ್ರತ್ಯೇಕವಾಗಿ ತೋರಿಸುವುದು ವಾಡಿಕೆ. ಮಾಲೀಕರು ಅಥವಾ ಸಿಬ್ಬಂದಿ ಚಿತ್ರ ಮತ್ತು ಬೆಲೆಗಳನ್ನು ಬದಲಿಸಲು ಕಳೆಯುವ ಸಮಯಕ್ಕೆ ಬಿಲ್ಲು ಬರುವುದಿಲ್ಲವಾದರೂ ಅದೂ ವೆಚ್ಚವೇ.

ಜಾಲತಾಣದ ಆಯುಸ್ಸಿನ ಊಹೆಯಿಂದಲೂ ಫಲಿತಾಂಶ ಬದಲಾಗುತ್ತದೆ. ಮೇಲಿನ ಮಾದರಿಯಲ್ಲಿ ಜಾಲತಾಣವು ಮೂರರ ಬದಲು ನಾಲ್ಕು ವರ್ಷ ಬಾಳಿದರೆ ವಾರ್ಷಿಕ ಸರಾಸರಿ 56,133 ರೂಪಾಯಿಯಿಂದ 55,825 ರೂಪಾಯಿಗೆ ಮಾತ್ರ ಇಳಿಯುತ್ತದೆ. ಒಂದು ವರ್ಷ ಹೆಚ್ಚು ಬಾಳಿದರೂ ಉಳಿತಾಯ ಇಷ್ಟು ಕಡಿಮೆಯಾಗಲು ಕಾರಣ, ಈ ಮಾದರಿಯಲ್ಲಿ ವೆಚ್ಚದ ಬಹುಭಾಗವು ನಿರ್ಮಾಣದಲ್ಲಿರದೆ ಪ್ರತಿವರ್ಷದ ನವೀಕರಣ, ಪರವಾನಗಿ ಮತ್ತು ಬೆಂಬಲದಲ್ಲಿದೆ.